ಅನುಭವ ಯಂತ್ರದ ಸುತ್ತ ಒಂದು ಸಣ್ಣಕಥೆ ಬರೆಯುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಅನುಭವ ಯಂತ್ರವೆಂದರೆ ನಾವು ಬಯಸಿದ ಅನುಭವಗಳನ್ನು ನಿಜವೆಂದೇ ಅನ್ನಿಸುವಂತೆ ಮಿದುಳಿಗೆ ಕೊಡುವ ಒಂದು ಕಾಲ್ಪನಿಕ ಯಂತ್ರ. ಕಥಾ ಕಮ್ಮಟಗಳಲ್ಲಿ ಹೊಸಬರ ಹಸ್ತಪ್ರತಿಗಳನ್ನು ಓದುವಾಗ ಈ ಯಂತ್ರದ ಕಥೆಗಳು ನನ್ನ ಕೈಗೆ ಮತ್ತೆ ಮತ್ತೆ ಬರುತ್ತವೆ ಮತ್ತು ಅವುಗಳಲ್ಲಿ ಹೆಚ್ಚಿನವು ಒಂದೇ ಜಾಗದಲ್ಲಿ ಕುಸಿಯುತ್ತವೆ. ನಾಯಕನು ಯಂತ್ರದೊಳಗೆ ಹೋಗುತ್ತಾನೆ, ಒಳಗಿನ ಸುಖದಲ್ಲಿ ಏನೋ ಒಂದು ಕೊರತೆ ಅವನಿಗೆ ಕಾಣಿಸುತ್ತದೆ, ಹೂವಿಗೆ ವಾಸನೆ ಇಲ್ಲ ಅಥವಾ ಹೆಂಡತಿಯ ನಗು ಎರಡು ಸಲವೂ ಒಂದೇ ರೀತಿ ಇದೆ ಎಂದು ಅವನು ಗುರುತಿಸುತ್ತಾನೆ, ಕೊನೆಗೆ ತಂತಿಗಳನ್ನು ಕಿತ್ತು ಹೊರಬರುತ್ತಾನೆ. ಇಂಥ ಕಥೆಯು ನಿಜವಾದ ಅನುಭವಕ್ಕೆ ಏನು ಬೆಲೆ ಎಂಬ ಪ್ರಶ್ನೆಯನ್ನು ಮುಟ್ಟುವುದೇ ಇಲ್ಲ, ಏಕೆಂದರೆ ಅದು ಹೇಳುವುದು ಯಂತ್ರ ಸರಿಯಾಗಿರಲಿಲ್ಲ ಎಂದಷ್ಟೇ. ಯಂತ್ರ ಸರಿಯಾಗಿದ್ದರೆ ಏನು ಎಂಬುದು ಪ್ರಶ್ನೆಯಾಗಿತ್ತು. ಈ ತಪ್ಪನ್ನು ತಪ್ಪಿಸಿ ಕಥೆಯನ್ನು ಕಟ್ಟುವ ಕ್ರಮವನ್ನು ಇಲ್ಲಿ ಒಂದು ಉದಾಹರಣೆಯನ್ನು ಉದ್ದಕ್ಕೂ ಬೆಳೆಸುತ್ತ ವಿವರಿಸಿದ್ದೇನೆ. ಹಂತಗಳ ಕ್ರಮವನ್ನು ಬದಲಿಸಬೇಡಿ. ಮೊದಲು ದೃಶ್ಯ ಬರೆದು ಆಮೇಲೆ ಷರತ್ತುಗಳನ್ನು ಹೊಂದಿಸಲು ಹೊರಟವರೇ ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುತ್ತಾರೆ.

## ಬೇಕಾಗುವ ಸಾಮಗ್ರಿ

ಒಂದು ಹಾಳೆಯಲ್ಲಿ ಯಂತ್ರದ ಷರತ್ತುಗಳು, ಇನ್ನೊಂದು ಹಾಳೆಯಲ್ಲಿ ಹತ್ತು ಗಂಟೆಗಳ ವೇಳಾಪಟ್ಟಿ, ಎರಡು ಬಣ್ಣದ ಪೆನ್ನುಗಳು ಮತ್ತು ಕಥೆಯ ವಿಷಯವನ್ನು ಮೊದಲೇ ತಿಳಿಯದ ಇಬ್ಬರು ಓದುಗರು. ಇಷ್ಟು ಸಾಕು. ಮಿದುಳಿನ ವಿಜ್ಞಾನದ ಪುಸ್ತಕಗಳು ಬೇಡ; ಅವನ್ನು ಓದಿ ಬಂದವರ ಕಥೆಯಲ್ಲಿ ಯಂತ್ರದ ವರ್ಣನೆಯೇ ಎರಡು ಪುಟ ತಿಂದುಬಿಡುತ್ತದೆ.

## ಹಂತ 1: ಯಂತ್ರದ ಷರತ್ತುಗಳನ್ನು ಬರೆದಿಟ್ಟುಕೊಳ್ಳಿ

ಈ ಚಿಂತನಾ ಪ್ರಯೋಗವನ್ನು ಅಮೆರಿಕದ ತತ್ವಶಾಸ್ತ್ರಜ್ಞ ರಾಬರ್ಟ್ ನೋಜಿಕ್ 1974ರಲ್ಲಿ ಪ್ರಕಟವಾದ 'ಅನಾರ್ಕಿ, ಸ್ಟೇಟ್, ಅಂಡ್ ಯುಟೋಪಿಯಾ' ಗ್ರಂಥದ ಕೆಲವೇ ಪುಟಗಳಲ್ಲಿ ಮುಂದಿಟ್ಟರು. ಅದರ ಷರತ್ತುಗಳು ಬಿಗಿಯಾಗಿವೆ. ನೀವು ಒಂದು ತೊಟ್ಟಿಯಲ್ಲಿ ತೇಲುತ್ತಿರುತ್ತೀರಿ, ಮಿದುಳಿಗೆ ಎಲೆಕ್ಟ್ರೋಡುಗಳನ್ನು ಜೋಡಿಸಲಾಗಿರುತ್ತದೆ, ನೀವೇ ಆರಿಸಿಕೊಂಡ ಅನುಭವಗಳು ಎರಡು ವರ್ಷಗಳ ಕಾಲ ನಿಮಗಾಗುತ್ತವೆ. ಒಳಗಿರುವಾಗ ನೀವು ಒಳಗಿದ್ದೀರಿ ಎಂಬುದು ನಿಮಗೆ ತಿಳಿದಿರುವುದಿಲ್ಲ. ಎಲ್ಲವೂ ನಿಜವಾಗಿಯೇ ನಡೆಯುತ್ತಿದೆ ಎಂದು ನಂಬಿರುತ್ತೀರಿ. ಎರಡು ವರ್ಷ ಮುಗಿದ ಮೇಲೆ ಹತ್ತು ನಿಮಿಷವೋ ಹತ್ತು ಗಂಟೆಯೋ ಹೊರಗೆ ಬಂದು ಮುಂದಿನ ಎರಡು ವರ್ಷಗಳಿಗೆ ಬೇಕಾದ ಅನುಭವಗಳನ್ನು ಆರಿಸಬಹುದು. ಬೇರೆಯವರೂ ಯಂತ್ರಕ್ಕೆ ಸೇರಬಹುದಾದ್ದರಿಂದ ಅವರನ್ನು ನೋಡಿಕೊಳ್ಳಲು ನೀವು ಹೊರಗೆ ಉಳಿಯಬೇಕಾದ ಅಗತ್ಯವೂ ಇಲ್ಲ.

ಪ್ರತಿಯೊಂದು ಷರತ್ತೂ ಒಂದು ಕಳ್ಳದಾರಿಯನ್ನು ಮುಚ್ಚುತ್ತದೆ. ತಿಳಿದಿರುವುದಿಲ್ಲ ಎಂಬ ಷರತ್ತು 'ಇದು ಸುಳ್ಳು ಎಂಬ ಅರಿವೇ ಸುಖವನ್ನು ಕೆಡಿಸುತ್ತದೆ' ಎಂಬ ಉತ್ತರವನ್ನು ತಡೆಯುತ್ತದೆ. ಬೇರೆಯವರೂ ಸೇರಬಹುದು ಎಂಬ ಷರತ್ತು ಕರ್ತವ್ಯದ ನೆಪವನ್ನು ತಡೆಯುತ್ತದೆ. ಕಥೆಯಲ್ಲಿ ಈ ಎರಡನೆಯದನ್ನು ಪಾಲಿಸಲು ಎಲ್ಲರನ್ನೂ ತೊಟ್ಟಿಗೆ ಇಳಿಸಬೇಕಾಗಿಲ್ಲ, ನಾಯಕನನ್ನು ಅವಲಂಬಿಸಿದವರು ಯಾರೂ ಇಲ್ಲದಂತೆ ನೋಡಿಕೊಂಡರೆ ಸಾಕು. ಯಂತ್ರ ಕೆಡುವುದು, ವಿದ್ಯುತ್ ಹೋಗುವುದು, ಯಂತ್ರದ ಒಡೆಯರು ದುಷ್ಟರಾಗಿರುವುದು, ತೊಟ್ಟಿಯಲ್ಲಿ ಮಲಗಿ ದೇಹ ಸೊರಗುವುದು: ಈ ನಾಲ್ಕನ್ನೂ ಹಾಳೆಯ ಕೆಳಗೆ ಬರೆದು ಹೊಡೆದುಹಾಕಿ. ಇವುಗಳಲ್ಲಿ ಯಾವುದನ್ನು ಒಳಗೆ ಬಿಟ್ಟುಕೊಂಡರೂ ಓದುಗನು ಯಂತ್ರವನ್ನು ನಿರಾಕರಿಸಲು ಸುಲಭವಾದ ಕಾರಣವೊಂದು ಸಿಗುತ್ತದೆ ಮತ್ತು ಕಷ್ಟದ ಕಾರಣದ ಹತ್ತಿರ ಅವನು ಹೋಗುವುದಿಲ್ಲ.

## ಹಂತ 2: ನಾಯಕನ ಆಸೆಯನ್ನು ಆರಿಸಿ

ಯಂತ್ರಕ್ಕೆ ಸೇರದಿರಲು ನೋಜಿಕ್ ಮೂರು ಕಾರಣಗಳನ್ನು ಕೊಟ್ಟಿದ್ದಾರೆ. ಕೆಲಸ ಮಾಡಿದ ಅನುಭವ ನಮಗೆ ಸಾಲದು, ಕೆಲಸವನ್ನೇ ಮಾಡಬೇಕೆಂದಿರುತ್ತದೆ. ನಾವು ಒಂದು ಬಗೆಯ ಮನುಷ್ಯರಾಗಿರಬೇಕೆಂದು ಬಯಸುತ್ತೇವೆ, ಆದರೆ ತೊಟ್ಟಿಯಲ್ಲಿ ತೇಲುವವನು ಧೈರ್ಯವಂತನೋ ಹೇಡಿಯೋ ಎಂದು ಹೇಳಲು ಏನೂ ಇರುವುದಿಲ್ಲ. ಮೂರನೆಯದಾಗಿ, ಯಂತ್ರದೊಳಗಿನ ಲೋಕ ಮನುಷ್ಯರು ಕಟ್ಟಿದ್ದಷ್ಟೇ ಆಗಿರುತ್ತದೆ, ಅದಕ್ಕಿಂತ ಆಳವಾದ ಯಾವುದನ್ನೂ ಅಲ್ಲಿ ಮುಟ್ಟಲಾಗುವುದಿಲ್ಲ. ಸಣ್ಣಕಥೆ ಮೂರನ್ನೂ ಹೊರಲಾರದು. ಒಂದನ್ನು ಮುಖ್ಯವಾಗಿಟ್ಟುಕೊಳ್ಳಿ, ಮೊದಲನೆಯದನ್ನು ಆರಿಸಬೇಕೆಂಬುದು ನನ್ನ ಸಲಹೆ, ಏಕೆಂದರೆ ಅದನ್ನು ದೃಶ್ಯವಾಗಿ ತೋರಿಸಬಹುದು.

ಈಗ ಆಸೆಯ ಆಯ್ಕೆ. ಹಿಮಾಲಯ ಹತ್ತುವುದು, ದೊಡ್ಡ ಗಾಯಕನಾಗುವುದು, ಸತ್ತ ಮಗನೊಡನೆ ಬದುಕುವುದು ಎಂಬ ಮೂರು ಆಸೆಗಳು ಹಸ್ತಪ್ರತಿಗಳಲ್ಲಿ ಪದೇ ಪದೇ ಬರುತ್ತವೆ. ಮೊದಲ ಎರಡರಲ್ಲಿ ಸುಖಕ್ಕೂ ಕೆಲಸಕ್ಕೂ ಇರುವ ಅಂತರ ಓದುಗನಿಗೆ ತೆಳುವಾಗಿ ಕಾಣುತ್ತದೆ. ಮೂರನೆಯದರಲ್ಲಿ ಹೊರಗಿನ ಬದುಕಿನಲ್ಲಿ ಆ ಆಸೆಗೆ ದಾರಿಯೇ ಇಲ್ಲ, ಹಾಗಾಗಿ ಯಂತ್ರಕ್ಕೆ ಎದುರಾಳಿಯೇ ಇರುವುದಿಲ್ಲ. ನಿಮಗೆ ಬೇಕಾದ ಆಸೆಯ ಇನ್ನೊಂದು ತುದಿಯಲ್ಲಿ ಬದುಕಿರುವ ಮತ್ತೊಬ್ಬ ಮನುಷ್ಯನಿರಬೇಕು ಮತ್ತು ಆ ಕೆಲಸವು ಹೊರಗಿನ ಲೋಕದಲ್ಲಿ ಸಾಧ್ಯವೂ ಕಷ್ಟವೂ ಆಗಿರಬೇಕು. ಕ್ಷಮೆ ಕೇಳುವುದು, ಸಾಲ ತೀರಿಸುವುದು, ಸತ್ಯ ಒಪ್ಪಿಕೊಳ್ಳುವುದು ಇಂಥವು. ಕ್ಷಮೆ ಕೇಳಿದೆನೆಂಬ ಸಮಾಧಾನ ಪೂರ್ತಿ ದೊರೆತಿದ್ದರೂ ಕೇಳಿಸಿಕೊಳ್ಳಬೇಕಾದವನು ಕೇಳಿಸಿಕೊಂಡಿಲ್ಲ ಎಂಬ ಸ್ಥಿತಿ ಇದರಲ್ಲಿ ಸ್ಪಷ್ಟವಾಗಿ ಬಿಡಿಸಿಕೊಂಡು ನಿಲ್ಲುತ್ತದೆ.

ಉದಾಹರಣೆಯನ್ನು ಇಲ್ಲಿಂದ ಶುರುಮಾಡೋಣ. ಗಣಪತಿ, 68 ವರ್ಷ, ಶಿರಸಿ ಸೀಮೆಯ ಅಡಿಕೆ ತೋಟದವನು. ಹೆಂಡತಿ ತೀರಿಕೊಂಡಿದ್ದಾಳೆ, ಮಕ್ಕಳು ದೂರದ ಊರುಗಳಲ್ಲಿ ಅವರ ಪಾಡಿಗೆ ಇದ್ದಾರೆ. 22 ವರ್ಷಗಳ ಹಿಂದೆ ತಮ್ಮ ಸುಬ್ರಾಯನೊಡನೆ ಮನೆ ಪಾಲಾಗುವಾಗ, ಅಪ್ಪನ ಹೆಸರಿನಲ್ಲಿ ಮಾರಿದ್ದ ಆರು ಕ್ವಿಂಟಲ್ ಚಾಲಿ ಅಡಿಕೆಯ ತೂಕದ ಚೀಟಿಯನ್ನು ಅವನು ಮುಚ್ಚಿಟ್ಟು ಹಣವನ್ನು ತಾನೊಬ್ಬನೇ ಇಟ್ಟುಕೊಂಡ. ತಮ್ಮನಿಗೆ ಗುಮಾನಿ ಇತ್ತು, ಪುರಾವೆ ಇರಲಿಲ್ಲ. ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ. ತಮ್ಮನ ಮನೆ ಪೇಟೆಯಿಂದ 14 ಕಿಲೋಮೀಟರು.

ಸಂಗತಿ ಚಿಕ್ಕದಾಯಿತೆಂದು ಹಿಂಜರಿಯಬೇಡಿ. ತಪ್ಪು ಕೊಲೆಯಷ್ಟು ದೊಡ್ಡದಾದರೆ ಕಥೆ ಶಿಕ್ಷೆಯ ಕಡೆ ವಾಲುತ್ತದೆ. ಆರು ಕ್ವಿಂಟಲ್ ಅಡಿಕೆಯ ಹಣಕ್ಕೆ ಈಗ ಯಾರೂ ಪೊಲೀಸರ ಬಳಿ ಹೋಗುವುದಿಲ್ಲ, ಆದ್ದರಿಂದ ಉಳಿಯುವುದು ಇಬ್ಬರು ಅಣ್ಣತಮ್ಮಂದಿರ ನಡುವಿನ ಲೆಕ್ಕ ಮಾತ್ರ.

## ಹಂತ 3: ಕಥೆಯ ಕಾಲವನ್ನು ಹೊರಗಿನ ಹತ್ತು ಗಂಟೆಗಳಲ್ಲಿ ಇಡಿ

ಹೆಚ್ಚಿನವರು ಕಥೆಯನ್ನು ಯಂತ್ರಕ್ಕೆ ಸೇರಬೇಕೋ ಬೇಡವೋ ಎಂಬ ತೊಳಲಾಟದಲ್ಲಿ ಶುರುಮಾಡುತ್ತಾರೆ. ಇದರಲ್ಲಿ ಒಂದು ತೊಡಕಿದೆ. ಯಂತ್ರ ಬೇಡವೆನ್ನುವ ನಾಯಕನು ನಿಜದ ಬೆಲೆಯನ್ನು ಕಂಡು ಬೇಡವೆನ್ನುತ್ತಿದ್ದಾನೋ ಅಥವಾ ಇರುವುದನ್ನು ಬಿಟ್ಟು ಹೊಸದಕ್ಕೆ ಹೋಗಲು ಹೆದರಿ ಬೇಡವೆನ್ನುತ್ತಿದ್ದಾನೋ ಎಂದು ಬೇರ್ಪಡಿಸಲಾಗುವುದಿಲ್ಲ. ತತ್ವಶಾಸ್ತ್ರಜ್ಞರೂ ಇದನ್ನು ಗಮನಿಸಿದ್ದಾರೆ. ಫೆಲಿಪೆ ಡಿ ಬ್ರಿಗಾರ್ಡ್ 2010ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಪ್ರಶ್ನೆಯನ್ನು ತಿರುಗಿಸಿ ಹಾಕಿದರು: ನೀವು ಇಷ್ಟು ದಿನ ಬದುಕಿದ್ದೇ ಯಂತ್ರದಲ್ಲಿ ಎಂದು ತಿಳಿಸಿದರೆ ಹೊರಗೆ ಬರುತ್ತೀರಾ, ಅಲ್ಲೇ ಇರುತ್ತೀರಾ? ಹೊರಗಿನ ಬದುಕು ಹೇಗಿದೆ ಎಂದು ಏನೂ ಹೇಳದಿದ್ದಾಗ ಸುಮಾರು ಅರ್ಧದಷ್ಟು ಜನ ಯಂತ್ರದಲ್ಲೇ ಇರುತ್ತೇವೆಂದರು. ಹೊರಗೆ ಸೆರೆಮನೆ ಕಾದಿದೆ ಎಂದಾಗ ಬಹುಪಾಲು ಜನ ಅಲ್ಲೇ ಉಳಿಯಲು ಬಯಸಿದರು.

ಈ ತೊಡಕಿನಿಂದ ಪಾರಾಗುವ ದಾರಿ ಮೂಲ ಪ್ರಯೋಗದಲ್ಲೇ ಇದೆ. ಎರಡು ವರ್ಷ ಮುಗಿಸಿ ಹತ್ತು ಗಂಟೆಗಳ ಕಾಲ ಹೊರಗೆ ಬಂದವನನ್ನು ಹಿಡಿಯಿರಿ. ಅವನಿಗೆ ಒಳಗಿನ ಬದುಕೂ ರೂಢಿಯಾಗಿದೆ, ಹೊರಗಿನದೂ ರೂಢಿಯಾಗಿದೆ. ಗಣಪತಿ ಒಳಗೆ ಹೋದ ಮೊದಲ ತಿಂಗಳಲ್ಲೇ ತಮ್ಮನ ಮನೆಗೆ ಹೋಗಿ ಕ್ಷಮೆ ಕೇಳಿದ್ದಾನೆ, ತಮ್ಮ ಕ್ಷಮಿಸಿದ್ದಾನೆ, ಎರಡು ವರ್ಷ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತು ಉಂಡಿದ್ದಾರೆ. ಈಗ ಬೆಳಿಗ್ಗೆ ಎಂಟು ಗಂಟೆಗೆ ಅವನು ಹೊರಗೆ ಬಂದು ಕೂತಿದ್ದಾನೆ. ಕ್ಷಮಿಸಲ್ಪಟ್ಟ ನೆನಪು ಅವನೊಳಗೆ ಇದೆ. 14 ಕಿಲೋಮೀಟರು ಆಚೆ ತಮ್ಮನಿಗೆ ಒಂದು ಮಾತೂ ತಲುಪಿಲ್ಲ.

ಕಥೆಯ ಎಲ್ಲ ಬಲವೂ ಈ ಅಸಮದಲ್ಲಿದೆ. ಇದು ಮೊದಲ ಪುಟದಲ್ಲೇ ಓದುಗನಿಗೆ ತಿಳಿಯಬೇಕು. ಕೊನೆಯವರೆಗೂ ಮುಚ್ಚಿಟ್ಟು 'ಇದೆಲ್ಲ ಯಂತ್ರದಲ್ಲಿ ನಡೆದದ್ದು' ಎಂದು ಬಿಚ್ಚಿಡುವುದು ಈ ವಸ್ತುವಿಗೆ ಮಾಡುವ ಅನ್ಯಾಯ, ಏಕೆಂದರೆ ಆಗ ಓದುಗನು ಬೆಚ್ಚುತ್ತಾನೆಯೇ ಹೊರತು ಯೋಚಿಸಲು ಅವನಿಗೆ ಸಮಯವೇ ಸಿಗುವುದಿಲ್ಲ.

ವೇಳಾಪಟ್ಟಿಯನ್ನು ಎರಡನೆಯ ಹಾಳೆಯಲ್ಲಿ ಬರೆಯಿರಿ. ಎಂಟಕ್ಕೆ ಹೊರಬರುತ್ತಾನೆ. ಮುಂದಿನ ಎರಡು ವರ್ಷಗಳಿಗೆ ಏನು ಬೇಕೆಂಬ ಅರ್ಜಿಯನ್ನು ಅವನ ಕೈಗೆ ಕೊಡುತ್ತಾರೆ. ಹತ್ತೂವರೆಯ ಬಸ್ಸು ಹಿಡಿಯುತ್ತಾನೆ. ಹನ್ನೊಂದೂಕಾಲಿಗೆ ತಮ್ಮನ ಊರಿನ ತಿರುವಿನಲ್ಲಿ ಇಳಿಯುತ್ತಾನೆ. ಸಂಜೆ ಆರಕ್ಕೆ ವಾಪಸಾಗಿರಬೇಕು. ಈ ಗಡಿಯಾರ ಕಥೆಗೆ ತಾನಾಗಿಯೇ ಬಿಗಿ ಕೊಡುತ್ತದೆ, ಬೇರೆ ಅಪಾಯಗಳನ್ನು ಸೃಷ್ಟಿಸಬೇಕಾಗಿಲ್ಲ.

## ಹಂತ 4: ಯಂತ್ರದೊಳಗಿನ ದೃಶ್ಯವನ್ನು ಎಲ್ಲಕ್ಕಿಂತ ಚೆನ್ನಾಗಿ ಬರೆಯಿರಿ

ಕಥೆಯಲ್ಲಿ ಒಳಗಿನ ಬದುಕಿಗೆ ಒಂದೇ ನೆನಪಿನ ದೃಶ್ಯ ಸಾಕು, ಆದರೆ ಅದು ಇಡೀ ಕಥೆಯ ಅತ್ಯಂತ ತುಂಬಿದ ದೃಶ್ಯವಾಗಿರಬೇಕು. ಬರೆಯುವವರ ಕೈ ಇಲ್ಲಿ ಹಿಂಜರಿಯುತ್ತದೆ. ಇದು ಸುಳ್ಳು ಎಂದು ತಮಗೆ ಗೊತ್ತಿರುವುದರಿಂದ ಅವರು ಬಣ್ಣಗಳನ್ನು ತೀರ ಹೊಳೆಯುವಂತೆಯೋ ಮಾತುಗಳನ್ನು ಸ್ವಲ್ಪ ಮರಗಟ್ಟಿದಂತೆಯೋ ಮಾಡಿ ಓದುಗನಿಗೆ ಕಣ್ಣು ಮಿಟುಕಿಸುತ್ತಾರೆ. ಹಾಗೆ ಮಾಡಿದೊಡನೆ ಮೊದಲ ಹಾಳೆಯ ಷರತ್ತು ಮುರಿಯುತ್ತದೆ. ಬರೆಯುವಾಗ ಹೀಗೆ ಪ್ರಯತ್ನಿಸಿ:

"ಸುಬ್ರಾಯ ಜಗಲಿಯ ಮೇಲೆ ಮೆಟ್ಟುಗತ್ತಿಯಲ್ಲಿ ಹಸಿ ಅಡಿಕೆ ಸುಲಿಯುತ್ತಿದ್ದ. ಗಣಪತಿ ಮೆಟ್ಟಿಲ ಕೆಳಗೆ ನಿಂತು, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ, ಚೀಟಿ ನನ್ನ ಹತ್ತಿರವೇ ಇತ್ತು ಅಂದ. ಸುಬ್ರಾಯನ ಕೈ ನಿಂತಿತು. ಕರೆ ಹಿಡಿದ ಹೆಬ್ಬೆರಳನ್ನು ಅವನು ಪಂಚೆಯ ತುದಿಗೆ ಒರೆಸಿಕೊಂಡ, ಅದು ಒರೆಸಿದರೆ ಹೋಗುವ ಕರೆಯಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಇರಲಿ ಬಿಡೋ ಅಣ್ಣ, ಎಂದು ಹೇಳಿ ಒಳಗೆ ತಿರುಗಿ, ಕುಡಿಯಲು ಆಸರಿಗೆ ತರಲು ಕೂಗಿದ."

ಈ ದೃಶ್ಯವನ್ನು ಯಂತ್ರದ ಹೆಸರೆತ್ತದೆ ಒಬ್ಬರಿಗೆ ಓದಿ ಹೇಳಿ. ಅವರಿಗೆ ಇದು ನಿಜವಾಗಿ ನಡೆದದ್ದೆಂದು ಅನ್ನಿಸಿದರೆ ಸರಿ. ಎಲ್ಲೋ ಏನೋ ಇದೆ ಎಂದು ಅವರು ಅನುಮಾನಪಟ್ಟರೆ ಆ ಅನುಮಾನ ಹುಟ್ಟಿದ ವಾಕ್ಯವನ್ನು ಹುಡುಕಿ ತೆಗೆದುಹಾಕಿ.

## ಹಂತ 5: ಹೊರಗಿನ ದೃಶ್ಯದಲ್ಲಿ ವ್ಯತ್ಯಾಸವನ್ನು ಎದುರಿನವನಲ್ಲಿ ಇಡಿ

ಈ ಹಂತದಲ್ಲಿ ಹೆಚ್ಚು ಹೊತ್ತು ನಿಲ್ಲಿ. ಒಳಗಿನ ಅನುಭವಕ್ಕೂ ಹೊರಗಿನ ಅನುಭವಕ್ಕೂ ಗುಣದಲ್ಲಿ ವ್ಯತ್ಯಾಸವಿಲ್ಲದಿದ್ದರೆ ವ್ಯತ್ಯಾಸ ಇರುವುದೆಲ್ಲಿ? ಹೊರಗೆ ಇನ್ನೊಬ್ಬನಿದ್ದಾನೆ, ಗಣಪತಿ ಊಹಿಸದೇ ಇರುವ ಅವನದೇ ಬದುಕು ಅವನಿಗಿದೆ. ಅದನ್ನು ತೋರಿಸಲು ನಿಮಗೆ ಒಂದೇ ಒಂದು ವಿವರ ಬೇಕು, ಆ ವಿವರ ಗಣಪತಿಯ ತಲೆಯಲ್ಲಾಗಲಿ ಯಂತ್ರ ಕಟ್ಟಿದವರ ತಲೆಯಲ್ಲಾಗಲಿ ಇರಲು ಸಾಧ್ಯವಿಲ್ಲದಂಥದ್ದಾಗಿರಬೇಕು.

ನಮ್ಮ ಕಥೆಯಲ್ಲಿ ಅದು ಸುಬ್ರಾಯನ ಎಡಗಿವಿ. 22 ವರ್ಷ ಮಾತಿಲ್ಲದವನಿಗೆ ತಮ್ಮನ ಕಿವಿ ಮಂದವಾದದ್ದು ತಿಳಿದಿರಲಿಲ್ಲ. ಒಳಗೆ ಪಿಸುಮಾತಿನಲ್ಲಿ ಹೇಳಿದ್ದ ಮಾತನ್ನು ಹೊರಗೆ ಅವನು ಹಾಗೆಯೇ ಪಿಸುಮಾತಿನಲ್ಲಿ ಹೇಳುತ್ತಾನೆ. ತಮ್ಮನಿಗೆ ಕೇಳಿಸುವುದಿಲ್ಲ. ಎಂತ ಅಂದೆ, ಎಂದು ಕೇಳುತ್ತಾನೆ. ಅಂಗಳದಲ್ಲಿ ಅಡಿಕೆ ಹರವುತ್ತಿರುವ ಇಬ್ಬರು ಆಳುಗಳಿದ್ದಾರೆ. ಗಣಪತಿ ತನ್ನ ಕಳ್ಳತನವನ್ನು ಎರಡನೆಯ ಸಲ, ಅಂಗಳಕ್ಕೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಬೇಕಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕಿವಿಯ ವಿವರವನ್ನು ಯಂತ್ರದ ದೋಷವೆಂಬಂತೆ ಬರೆಯಬೇಡಿ. 'ಯಂತ್ರಕ್ಕೆ ಇದೂ ಗೊತ್ತಿರಲಿಲ್ಲ' ಎಂದು ನಾಯಕ ಯೋಚಿಸಿದರೆ, ಗೊತ್ತಿರುವ ಯಂತ್ರವೊಂದನ್ನು ತಂದರಾಯಿತು ಎಂದು ಓದುಗ ಉತ್ತರಿಸುತ್ತಾನೆ, ಅವನ ಉತ್ತರ ಸರಿಯೂ ಹೌದು. ಮಂದಗಿವಿಯ ತಮ್ಮನನ್ನೇ ಯಂತ್ರ ಒದಗಿಸಿದ್ದರೂ ಹೊರಗಿನ ತಮ್ಮನಿಗೆ ಮಾತು ತಲುಪುತ್ತಿರಲಿಲ್ಲ. ಆದ್ದರಿಂದ ಕಿವಿಯನ್ನು ಗಣಪತಿ ಏನನ್ನೂ ತೀರ್ಮಾನಿಸದೆ ಎದುರಿಸಲಿ: ಒಂದು ಮೆಟ್ಟಿಲು ಮೇಲೆ ಹತ್ತಿ, ಬಲಗಡೆಗೆ ಬಂದು ನಿಂತು, ಮತ್ತೆ ಹೇಳಲಿ. ತಮ್ಮನ ಬಲಗಡೆಗೆ ಬರಲು ಅವನು ಸುಲಿದ ಸಿಪ್ಪೆಯ ರಾಶಿಯನ್ನು ದಾಟಬೇಕು. ದಾಟುವಾಗ ಕಾಲಿಗೆ ಅಂಟುವ ಒದ್ದೆ ಸಿಪ್ಪೆಯನ್ನು ಬರೆಯಿರಿ, ಆ ಹೊತ್ತಿನ ಅವನ ಮನಸ್ಸನ್ನು ಬರೆಯಬೇಡಿ.

ಹೊರಗಿನ ದೃಶ್ಯ ಒಳಗಿನದಕ್ಕಿಂತ ಅಸಹ್ಯವಾಗಿರಬೇಕಾಗಿಲ್ಲ ಎಂಬುದೂ ನೆನಪಿರಲಿ. ನಿಜವೆಂದರೆ ನೋವು, ಯಂತ್ರವೆಂದರೆ ಸುಖ ಎಂದು ಹಂಚಿಬಿಟ್ಟರೆ ಕಥೆಯು ನೋವನ್ನು ಹೊಗಳಿದಂತಾಗುತ್ತದೆ. ನಿಜಕ್ಕೆ ಬೆಲೆ ಇರುವುದು ಅದು ನೋಯಿಸುತ್ತದೆ ಎಂಬ ಕಾರಣಕ್ಕಲ್ಲ. ಜಗಲಿಯ ನೆರಳು ತಂಪಾಗಿರಲಿ, ಆಳುಗಳಲ್ಲಿ ಒಬ್ಬ ಹಾಡಿಕೊಳ್ಳುತ್ತಿರಲಿ.

## ಹಂತ 6: 'ನಾನು' ಮತ್ತು 'ನನಗೆ' ಪರೀಕ್ಷೆ

ಈ ಕಥೆಯನ್ನು ಕನ್ನಡದಲ್ಲಿ ಬರೆಯುವವರಿಗೆ ಭಾಷೆಯೇ ಒಂದು ಸಲಕರಣೆ ಕೊಟ್ಟಿದೆ. ಮಾಡುವುದನ್ನು ನಾವು 'ನಾನು' ಎಂದು ಹೇಳುತ್ತೇವೆ: ನಾನು ಹೇಳಿದೆ, ನಾನು ಕೊಟ್ಟೆ. ಆಗುವುದನ್ನು 'ನನಗೆ' ಎಂದು ಹೇಳುತ್ತೇವೆ: ನನಗೆ ಸಮಾಧಾನವಾಯಿತು, ನನಗೆ ಅಳು ಬಂತು, ನನಗೆ ಹಾಗೆ ಅನ್ನಿಸಿತು. ನೋಜಿಕ್ ಅವರ ಮೊದಲ ಕಾರಣ ಮಾಡುವುದಕ್ಕೂ ಮಾಡಿದ ಅನುಭವಕ್ಕೂ ಗೆರೆ ಎಳೆಯುತ್ತದೆ, ಅದೇ ಗೆರೆಯ ಹತ್ತಿರ ನಮ್ಮ ವಿಭಕ್ತಿ ಪ್ರತ್ಯಯವೂ ದಿನನಿತ್ಯ ಓಡಾಡುತ್ತಿರುತ್ತದೆ.

ಕರಡು ಮುಗಿದ ಮೇಲೆ ಒಂದು ಬಣ್ಣದ ಪೆನ್ನಿನಿಂದ 'ಗಣಪತಿ' ಕರ್ತೃವಾಗಿರುವ ವಾಕ್ಯಗಳಿಗೂ ಇನ್ನೊಂದರಿಂದ 'ಗಣಪತಿಗೆ' ಎಂದು ಶುರುವಾಗುವ ವಾಕ್ಯಗಳಿಗೂ ಗೆರೆ ಎಳೆಯಿರಿ. ಹೊರಗಿನ ದೃಶ್ಯದಲ್ಲಿ ಎರಡನೆಯ ಬಣ್ಣವೇ ತುಂಬಿದ್ದರೆ ನೀವು ನಿಜದ ಕೆಲಸವನ್ನೂ ಅನುಭವವಾಗಿಯೇ ಬರೆದಿದ್ದೀರಿ ಎಂದರ್ಥ, ತೊಟ್ಟಿಯಿಂದ ಹೊರಬಂದರೂ ನಿಮ್ಮ ನಾಯಕ ತೇಲುತ್ತಲೇ ಇದ್ದಾನೆ. ಆ ವಾಕ್ಯಗಳನ್ನು ಒಂದೊಂದಾಗಿ ತಿರುಗಿಸಿ. 'ಗಣಪತಿಗೆ ಭಯವಾಯಿತು' ಎಂಬಲ್ಲಿ 'ಗಣಪತಿ ಛತ್ರಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ' ಎಂದು ಬರೆಯಬಹುದು.

ಆದರೆ ಒಳಗಿನ ದೃಶ್ಯವನ್ನು ಪೂರ್ತಿ 'ಗಣಪತಿಗೆ' ಎಂದು ಬರೆಯುವ ಜಾಣತನ ಬೇಡ. ಒಳಗಿರುವಾಗ ಅವನು ತಾನು ಮಾಡುತ್ತಿದ್ದೇನೆಂದೇ ನಂಬಿದ್ದಾನೆ, ಹಾಗಾಗಿ ಅಲ್ಲಿಯೂ 'ಅಂದ', 'ನಿಂತ' ಎಂಬ ಕ್ರಿಯಾಪದಗಳೇ ಇರಬೇಕು. ಗೆರೆ ಕಾಣಬೇಕಾದ ಜಾಗ ಒಂದೇ, ಅದು ಬಸ್ಸಿನಲ್ಲಿ. ಪಕ್ಕದಲ್ಲಿ ಕೂತ ಪರಿಚಯದವರು ತಮ್ಮನ ಹತ್ತಿರ ಮಾತಾಡಿದೆಯಾ ಎಂದು ಕೇಳುತ್ತಾರೆ. 'ಹೇಳಿದ್ದೇನೆ' ಎಂದು ಅವನ ಬಾಯಿಗೆ ಬರುತ್ತದೆ. ಆಮೇಲೆ ಅವನು 'ಹೇಳಿದ ಹಾಗಾಗಿದೆ' ಎನ್ನುತ್ತಾನೆ, ಪಕ್ಕದವರಿಗೆ ಅರ್ಥವಾಗುವುದಿಲ್ಲ, ಕಂಡಕ್ಟರು ಬಂದು ಚಿಲ್ಲರೆ ಕೇಳುತ್ತಾನೆ. ಅಷ್ಟಕ್ಕೆ ನಿಲ್ಲಿಸಿ. ಇದರ ಮೇಲೆ ಒಂದು ವಾಕ್ಯ ವಿವರಣೆ ಹಾಕಿದರೂ ಕಥೆ ಪಾಠವಾಗುತ್ತದೆ.

## ಹಂತ 7: ಮುಕ್ತಾಯವನ್ನು ತಮ್ಮನ ಬಾಯಿಗೆ ಕೊಡಿ

ಮುಕ್ತಾಯದಲ್ಲಿ ಎರಡು ಬಾಗಿಲುಗಳು ಕಣ್ಣಿಗೆ ಬೀಳುತ್ತವೆ: ನಾಯಕ ಅರ್ಜಿಯನ್ನು ಹರಿದುಹಾಕುತ್ತಾನೆ, ಇಲ್ಲವೇ ಮತ್ತೆ ತೊಟ್ಟಿಗೆ ಹೋಗುತ್ತಾನೆ. ಎರಡೂ ತೀರ್ಪುಗಳು. ತಮ್ಮ ಕ್ಷಮಿಸಿ ಅಪ್ಪಿಕೊಳ್ಳುವ ಮುಕ್ತಾಯ ಇನ್ನೂ ಅಪಾಯಕಾರಿ, ಏಕೆಂದರೆ ಹೊರಗೂ ಒಳಗಿನಷ್ಟೇ ಒಳ್ಳೆಯ ಫಲ ಸಿಕ್ಕಿದ್ದರಿಂದ ನಿಜಕ್ಕೆ ಬೆಲೆ ಬಂತು ಎಂಬ ಅರ್ಥ ಹೊರಡುತ್ತದೆ. ತಮ್ಮ ಬಾಗಿಲು ಹಾಕಿಕೊಂಡರೆ ಯಂತ್ರವೇ ಮೇಲೆಂದು ಅರ್ಥ ಹೊರಡುತ್ತದೆ. ಬೇಕಾದದ್ದು ಗಣಪತಿ ಸಿದ್ಧಮಾಡಿಕೊಂಡು ಬರದ, ಎದುರಿನವನಿಂದಲೇ ಬರಬಹುದಾದ ಒಂದು ಮಾತು.

ಮೆಟ್ಟುಗತ್ತಿಯ ಮೇಲಿಂದ ಏಳದೆ, ಇನ್ನೆರಡು ಅಡಿಕೆ ಸುಲಿದು, ಸುಬ್ರಾಯ ಕೇಳುತ್ತಾನೆ: "ಆ ಚೀಟಿ ಈಗ ಎಲ್ಲಿದೆ?"

ಗಣಪತಿ ಇದಕ್ಕೆ ಉತ್ತರ ಹುಡುಕಬೇಕಾಗುತ್ತದೆ. ಚೀಟಿ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿದೆ, ಅದನ್ನು ತಂದುಕೊಟ್ಟರೆ ಲೆಕ್ಕ ಶುರುವಾಗುತ್ತದೆ, ತರಲು ಹೋದರೆ ಆರು ಗಂಟೆಯ ಗಡುವು ದಾಟುತ್ತದೆ. ಅವನು ಗಡಿಯಾರ ನೋಡಿಕೊಳ್ಳುವಲ್ಲಿಗೋ, ಹೇಳಲು ಬಾಯಿ ತೆರೆಯುವಲ್ಲಿಗೋ ಕಥೆ ಮುಗಿಯಬಹುದು. ನಾನಾದರೆ, ತಮ್ಮನ ಬಲಗಿವಿಯ ಕಡೆಗೆ ಅವನು ಇನ್ನಷ್ಟು ಬಾಗುವಲ್ಲಿ ನಿಲ್ಲಿಸುತ್ತೇನೆ.

## ಹಂತ 8: ಇಬ್ಬರು ಓದುಗರ ಮುಂದೆ ಇಡಿ

ಕಥೆ ಚೆನ್ನಾಗಿದೆಯೇ ಎಂದು ಕೇಳಬೇಡಿ. ಅರ್ಜಿ ನಿಮ್ಮ ಕೈಯಲ್ಲಿದ್ದರೆ ಏನು ಮಾಡುತ್ತಿದ್ದಿರಿ ಎಂದು ಒಬ್ಬೊಬ್ಬರನ್ನೇ ಬೇರೆಬೇರೆಯಾಗಿ ಕೇಳಿ. ಇಬ್ಬರೂ ತಡವಿಲ್ಲದೆ 'ಹರಿದುಹಾಕುತ್ತಿದ್ದೆ' ಎಂದರೆ ಒಳಗಿನ ದೃಶ್ಯ ಬಡವಾಗಿದೆ, ನಾಲ್ಕನೆಯ ಹಂತಕ್ಕೆ ಮರಳಿ. ಇಬ್ಬರೂ 'ಮತ್ತೆ ಹೋಗುತ್ತಿದ್ದೆ' ಎಂದರೆ ಹೊರಗಿನ ಬದುಕನ್ನು ನೀವು ಅತಿಯಾಗಿ ಬರಡಾಗಿಸಿದ್ದೀರಿ. ಸೆರೆಮನೆ ತೋರಿಸಿದಾಗ ಜನ ಯಂತ್ರದಲ್ಲೇ ಉಳಿಯಲು ಬಯಸಿದ್ದನ್ನು ನೆನಪಿಸಿಕೊಂಡು ಗಣಪತಿಯ ಹೊರಗಿನ ದಿನಗಳಿಗೆ ಸ್ವಲ್ಪ ಬೆಳಕು ಕೊಡಿ, ಒಂದು ಮೊಮ್ಮಗುವಿನ ಫೋನು, ತೋಟದಲ್ಲಿ ಈ ಸಲ ಚೆನ್ನಾಗಿ ಹಿಡಿದ ಅಡಿಕೆ ಕೊನೆ. 'ಅವನ ಕೈಯಲ್ಲಿ ಅದನ್ನು ಎರಡು ಸಲ ಹೇಳಿಸಬೇಕಿತ್ತಾ?' ಎಂದು ಓದುಗರು ತಮ್ಮನ ಬಗ್ಗೆ ಮಾತಾಡತೊಡಗಿದರೆ ಹಸ್ತಪ್ರತಿಯನ್ನು ಅಲ್ಲಿಗೇ ಬಿಡಿ, ಮತ್ತೆ ತಿದ್ದಲು ಹೋಗಬೇಡಿ.